ತಂಪು ಸ್ಲ್ಯಾಬ್: ಇಬ್ಬನಿ ಬಿಂದು ಮತ್ತು ತಾಜಾ ಗಾಳಿಯ ಹೊಂದಾಣಿಕೆ

ಕಾಂಕ್ರೀಟ್ ಸ್ಲ್ಯಾಬಿನೊಳಗೆ ಸಣ್ಣ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ತಣ್ಣೀರು ಹರಿಸಿ, ಆ ಸ್ಲ್ಯಾಬಿನ ತಂಪಿನಿಂದಲೇ ಕೋಣೆಯನ್ನು ತಂಪಾಗಿಡುವ ವ್ಯವಸ್ಥೆಗೆ ತಂಪು ಸ್ಲ್ಯಾಬ್ ಎನ್ನಬಹುದು. ಇಲ್ಲಿ ಗಾಳಿಯನ್ನು ಕೊರೆಯುವಷ್ಟು ತಣ್ಣಗೆ ಮಾಡಿ ಬೀಸುವುದಿಲ್ಲ. ನಮ್ಮ ಮೈಯ ಬಿಸಿ ನೇರವಾಗಿ ಮೇಲಿನ ತಂಪು ಚಾವಣಿಗೆ ಹೊರಟುಹೋಗುತ್ತದೆ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಬಾದಾಮಿಯ ಮೆಟ್ಟಿಲು ಹತ್ತಿ ಗುಹಾಲಯದ ಒಳಗೆ ಕಾಲಿಟ್ಟವರಿಗೆ ಈ ಅನುಭವ ಗೊತ್ತು. ಬಾಗಿಲೇ ಇಲ್ಲದ ಗುಹೆಗೆ ಹೊರಗಿನ ಗಾಳಿ ಬರುತ್ತಲೇ ಇರುತ್ತದೆ, ಆದರೂ ಸುತ್ತಲಿನ ಕಲ್ಲು ತಂಪಾಗಿರುವುದರಿಂದ ಮೈ ತಣಿಯುತ್ತದೆ.

ಈ ವ್ಯವಸ್ಥೆಗೆ ಒಂದು ಗಟ್ಟಿಯಾದ ಮಿತಿಯಿದೆ. ಸ್ಲ್ಯಾಬ್ ಕೋಣೆಯ ಬಿಸಿಯನ್ನು ಹೀರಬಲ್ಲದು, ತೇವವನ್ನು ತೆಗೆಯಲಾರದು. ಗಾಳಿಯಲ್ಲಿರುವ ನೀರಾವಿ ಯಾವ ಉಷ್ಣತೆಗೆ ಇಳಿದಾಗ ಹನಿಯಾಗತೊಡಗುತ್ತದೋ ಅದು ಆ ಗಾಳಿಯ ಇಬ್ಬನಿ ಬಿಂದು. ಚಾವಣಿಯ ಮೈ ಅದಕ್ಕಿಂತ ತಣ್ಣಗಾದರೆ ಹನಿ ಕಟ್ಟಿ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಸ್ಲ್ಯಾಬನ್ನು ಎಷ್ಟು ತಣ್ಣಗೆ ಮಾಡಬಹುದು ಎಂಬುದನ್ನು ಹೊರಗಿನ ಬಿಸಿಲು ತೀರ್ಮಾನಿಸುವುದಿಲ್ಲ, ಒಳಗಿನ ಗಾಳಿಯ ತೇವ ತೀರ್ಮಾನಿಸುತ್ತದೆ. ಆ ತೇವವನ್ನು ಹತೋಟಿಯಲ್ಲಿಡುವ ಕೆಲಸ ಉಸಿರಾಟಕ್ಕೆಂದು ಒಳತರುವ ತಾಜಾ ಗಾಳಿಯ ಯಂತ್ರದ್ದು. ಇವೆರಡನ್ನು ಬೇರೆ ಬೇರೆ ಗುತ್ತಿಗೆದಾರರಿಗೆ ಒಪ್ಪಿಸಿ, ನಡುವೆ ಒಬ್ಬ ಹೊಣೆಗಾರನಿಲ್ಲದೆ ಕಟ್ಟಿದ ಕಟ್ಟಡದಲ್ಲಿ ತೊಂದರೆ ತಪ್ಪಿದ್ದಲ್ಲ.

ಭಾರತದಲ್ಲಿ ಇದನ್ನು ಅಳೆದು ತೋರಿಸಿದ ಹೆಸರಾಂತ ಉದಾಹರಣೆ ಬೆಂಗಳೂರು ಮೂಲದ ಇನ್ಫೋಸಿಸ್ ಸಂಸ್ಥೆಯದು. ಹೈದರಾಬಾದಿನ ಪೋಚಾರಂ ಆವರಣದಲ್ಲಿ ಸಂಸ್ಥೆ 2011ರಲ್ಲಿ ಬಳಕೆಗೆ ತಂದ ಕಚೇರಿ ಕಟ್ಟಡವನ್ನು ಒಂದನ್ನೊಂದು ಹೋಲುವ ಎರಡು ಭಾಗವಾಗಿ ಕಟ್ಟಲಾಯಿತು. ಒಂದು ಭಾಗಕ್ಕೆ ಒಳ್ಳೆಯ ದರ್ಜೆಯ ಮಾಮೂಲಿ ಹವಾನಿಯಂತ್ರಣ, ಇನ್ನೊಂದಕ್ಕೆ ತಂಪು ಸ್ಲ್ಯಾಬ್ ಮತ್ತು ಪ್ರತ್ಯೇಕ ತಾಜಾ ಗಾಳಿ. 2014ರಲ್ಲಿ ಪ್ರಕಟವಾದ ಎರಡು ವರ್ಷದ ಲೆಕ್ಕದ ಪ್ರಕಾರ ಸ್ಲ್ಯಾಬ್ ಭಾಗದ ತಂಪಿಗೆ ಶೇ 34ರಷ್ಟು ಕಡಿಮೆ ವಿದ್ಯುತ್ ಸಾಕಾಯಿತು. ಬಿಸಿಯನ್ನು ಹೊತ್ತೊಯ್ಯಲು ಗಾಳಿಗಿಂತ ನೀರು ಎಷ್ಟೋ ಮೇಲು, ಹೀಗಾಗಿ ದೊಡ್ಡ ಫ್ಯಾನುಗಳ ಬದಲು ಸಣ್ಣ ಪಂಪು ಸಾಕು. ಜೊತೆಗೆ, ಹದವಾಗಿ ತಣ್ಣಗಿರುವ ನೀರೇ ಸಾಕಾಗುವುದರಿಂದ ಚಿಲ್ಲರ್ ಕೂಡ ಹಗುರವಾಗಿ ಓಡುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂಥ ಒಣ ಸೀಮೆಗೆ ಇಬ್ಬನಿ ಬಿಂದುವಿನ ಲೆಕ್ಕವನ್ನು ತಂದರೆ ಮೊದಲ ನೋಟಕ್ಕೆ ತಿರುವುಮುರುವಾಗಿ ಕಾಣುವ ಉತ್ತರ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಬಿಸಿ, ಶೇ 20ರಷ್ಟು ತೇವ ಇದೆ ಎನ್ನಿ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಜುಲೈಯಲ್ಲಿ ಮೋಡ ಕವಿದ ದಿನ 28 ಡಿಗ್ರಿ ಬಿಸಿ, ಶೇ 75ರಷ್ಟು ತೇವ ಇದ್ದರೆ ಅದು 23 ಡಿಗ್ರಿಗೆ ಏರುತ್ತದೆ. ಜನ ಬೆವರುವುದು ಏಪ್ರಿಲ್‌ನಲ್ಲಾದರೂ ಸ್ಲ್ಯಾಬ್ ಬೆವರುವುದು ಮಳೆಗಾಲದಲ್ಲಿ. ಬಿಸಿಯ ಲೆಕ್ಕಕ್ಕೆ ಏಪ್ರಿಲ್ ಹಿಡಿಯಬೇಕು, ತೇವದ ಲೆಕ್ಕಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳು ಹಿಡಿಯಬೇಕು.

ಬಾಗಲಕೋಟೆಯಲ್ಲಿ ಒಂದು ಓದುವ ಕೋಣೆಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. 150 ಚದರ ಮೀಟರ್ ನೆಲ, 3.2 ಮೀಟರ್ ಎತ್ತರ, 30 ಜನ. ಒಳಗೆ 26 ಡಿಗ್ರಿ ಬಿಸಿ, ಶೇ 50ರಷ್ಟು ತೇವ ಇರಬೇಕು ಎಂದುಕೊಂಡರೆ ಒಳಗಾಳಿಯ ಇಬ್ಬನಿ ಬಿಂದು 15 ಡಿಗ್ರಿಗೆ ತುಸು ಕೆಳಗೆ ನಿಲ್ಲುತ್ತದೆ. ಕೊಳವೆಗೆ 16.5 ಡಿಗ್ರಿಯ ನೀರು ಬಿಟ್ಟು 19ಕ್ಕೆ ವಾಪಸು ಪಡೆದರೆ ಚಾವಣಿಯ ಮೈ ಸುಮಾರು 21 ಡಿಗ್ರಿಯಲ್ಲಿರುತ್ತದೆ. ಕೋಣೆಗೂ ಚಾವಣಿಗೂ ಇರುವ ಪ್ರತಿ ಡಿಗ್ರಿ ಅಂತರಕ್ಕೆ ಚದರ ಮೀಟರಿಗೆ ಸುಮಾರು 11 ವ್ಯಾಟ್ ಬಿಸಿ ಮೇಲಕ್ಕೆ ಹೋಗುತ್ತದೆ. ಇಲ್ಲಿ ಅಂತರ 5 ಡಿಗ್ರಿ, ಹಾಗಾಗಿ 55 ವ್ಯಾಟ್. ತೊಲೆ, ದೀಪಗಳ ಜಾಗ ಬಿಟ್ಟು 120 ಚದರ ಮೀಟರಿನಲ್ಲಿ ಕೊಳವೆ ಹಾಸಿದರೆ ಒಟ್ಟು 6.6 ಕಿಲೋವ್ಯಾಟ್ ತಂಪು ದೊರೆಯುತ್ತದೆ. 15 ಸೆಂಟಿಮೀಟರಿಗೊಂದು ಸಾಲಿನಂತೆ 800 ಮೀಟರ್ ಕೊಳವೆ ಬೇಕು. ಅದನ್ನು ನೂರು ನೂರು ಮೀಟರಿನ ಎಂಟು ಸುತ್ತುಗಳಾಗಿ ಮಾಡಿದರೆ ಪಂಪಿನ ಮೇಲೆ ಭಾರ ಬೀಳುವುದಿಲ್ಲ.

ಇನ್ನು ತೇವದ ಲೆಕ್ಕ. ಕುಳಿತು ಓದುವ ಒಬ್ಬ ಮನುಷ್ಯ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 70 ಗ್ರಾಂ ನೀರು ಗಾಳಿಗೆ ಸೇರಿಸುತ್ತಾನೆ. ಮೂವತ್ತು ಜನರಿಂದ 2.1 ಕಿಲೋ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ತಾಜಾ ಗಾಳಿ ಕೊಟ್ಟರೆ, ಇಷ್ಟು ನೀರನ್ನು ಹೊತ್ತು ಹೊರಹೋಗಲು ಆ ಗಾಳಿ ಒಳಬರುವಾಗ 12 ಡಿಗ್ರಿ ಇಬ್ಬನಿ ಬಿಂದುವಿನಷ್ಟು ಒಣಗಿರಬೇಕು. ಖರ್ಚು ಉಳಿಸಲು ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಅದೇ ಸಂಖ್ಯೆ 9 ಡಿಗ್ರಿಗೆ ಕುಸಿಯುತ್ತದೆ. ಅಷ್ಟು ಒಣಗಿಸಲು ಸಾಮಾನ್ಯ ಕಾಯಿಲ್ ಹೆಣಗಾಡುತ್ತದೆ. ಗಾಳಿಯಲ್ಲಿ ಜಿಪುಣತನ ಮಾಡುವುದಕ್ಕಿಂತ ತುಸು ಧಾರಾಳವಾಗಿ ಕೊಟ್ಟು, 11 ಡಿಗ್ರಿಗೆ ಒಣಗಿಸಿ ಅಂಚು ಉಳಿಸಿಕೊಳ್ಳುವುದು ಸರಿಯಾದ ದಾರಿ. ಕಾಯಿಲ್‌ಗೆ ಸುಮಾರು 7 ಡಿಗ್ರಿಯ ನೀರು ಬೇಕು, ಸ್ಲ್ಯಾಬಿಗೆ 16.5 ಸಾಕು. ಎರಡಕ್ಕೂ ಒಂದೇ ನೀರು ಹಂಚುವವರು ಸ್ಲ್ಯಾಬಿನ ಕಡೆ ಮೂರು ದಾರಿಯ ಮಿಶ್ರಣ ವಾಲ್ವ್ ಇಡಲೇಬೇಕು. ದೊಡ್ಡ ಕಟ್ಟಡವಾದರೆ ಎರಡು ಬೇರೆ ಚಿಲ್ಲರ್ ಇಡುವುದೇ ಲಾಭ, ಇಲ್ಲವಾದರೆ ಹದವಾದ ನೀರಿನಿಂದ ಸಿಗುವ ಉಳಿತಾಯ ಕೈತಪ್ಪುತ್ತದೆ.

ಬಾಗಿಲ ಸಂದಿಯನ್ನು ಹಗುರವಾಗಿ ನೋಡಬಾರದು. ಜುಲೈಯಲ್ಲಿ ಅರೆತೆರೆದ ಬಾಗಿಲಿನಿಂದ ಗಂಟೆಗೆ 200 ಘನ ಮೀಟರ್ ಹೊರಗಾಳಿ ನುಸುಳಿದರೆ ಅದರೊಂದಿಗೆ ಸುಮಾರು ಒಂದೂವರೆ ಕಿಲೋ ಹೆಚ್ಚುವರಿ ನೀರು ಬರುತ್ತದೆ. ಇನ್ನೂ ಇಪ್ಪತ್ತು ಜನ ಬಂದು ಕೂತಂತೆ. ಕಿಟಕಿ ತೆರೆದರೆ ನೀರು ನಿಲ್ಲಿಸುವ ಸ್ವಿಚ್ಚನ್ನು ಕಿಟಕಿಯ ಚೌಕಟ್ಟಿನಲ್ಲೇ ಕೂರಿಸುವುದು ಈ ಕಾರಣಕ್ಕೆ.

ಕೋಣೆಯ ಗೋಡೆಗೆ ಉಷ್ಣತೆ ಮತ್ತು ತೇವ ಎರಡನ್ನೂ ಓದುವ ಸೆನ್ಸರ್ ಹಾಕಿದರೆ ನಿಯಂತ್ರಕ ಅದರಿಂದ ಇಬ್ಬನಿ ಬಿಂದುವನ್ನು ಲೆಕ್ಕ ಹಾಕುತ್ತದೆ. ಸ್ಲ್ಯಾಬಿಗೆ ಹೋಗುವ ನೀರು ಸದಾ ಅದಕ್ಕಿಂತ ಒಂದೂವರೆಯಿಂದ ಎರಡು ಡಿಗ್ರಿ ಮೇಲೆ ಇರುವಂತೆ ಮಿಶ್ರಣ ವಾಲ್ವ್ ಅನ್ನು ತಿರುಗಿಸುತ್ತದೆ. ಹಲವು ಕೋಣೆಗಳಿದ್ದರೆ ಎಲ್ಲಕ್ಕಿಂತ ತೇವದ ಕೋಣೆಯ ಅಂಕಿಯನ್ನೇ ಹಿಡಿಯಬೇಕು. ಸರಾಸರಿ ಹಿಡಿದರೆ ಆ ಒಂದು ಕೋಣೆ ತೊಟ್ಟಿಕ್ಕುತ್ತದೆ. ಅಗ್ಗದ ತೇವ ಸೆನ್ಸರುಗಳ ಓದು ವರ್ಷ ಕಳೆದಂತೆ ಸರಿದುಹೋಗುವುದರಿಂದ ಪ್ರತಿ ಮಳೆಗಾಲದ ಮೊದಲು ಅವನ್ನು ಒರೆಹಚ್ಚಬೇಕು.

ಒರೆಹಚ್ಚಲು ಮನೆಯ ತಾಮ್ರದ ಚೊಂಬೇ ಸಾಕು. ಮಣ್ಣಿನ ಗಡಿಗೆ ಇಲ್ಲಿ ಉಪಯೋಗಕ್ಕೆ ಬಾರದು, ಅದರ ಹೊರಮೈಯ ತೇವ ಒಳಗಿನಿಂದ ಜಿನುಗಿದ್ದು. ಚೊಂಬಿನ ಮೇಲಿನ ಹನಿ ಮಾತ್ರ ಗಾಳಿಯಿಂದ ಬಂದದ್ದು. ಚೊಂಬಿಗೆ ಅರ್ಧ ನೀರು ಹಾಕಿ, ಥರ್ಮಾಮೀಟರ್ ಇಳಿಸಿ, ಚೂರು ಚೂರೇ ಐಸ್ ಹಾಕುತ್ತ ಕದಡಬೇಕು. ಹೊಳೆಯುವ ಮೈ ಮೊದಲ ಸಲ ಮಬ್ಬಾದ ಕ್ಷಣದಲ್ಲಿ ನೀರಿನ ಉಷ್ಣತೆ ಎಷ್ಟಿದೆಯೋ ಅದೇ ಕೋಣೆಯ ಇಬ್ಬನಿ ಬಿಂದು. ಬಾಯಿಯ ಉಸಿರು ತಾಗದಂತೆ ದೂರ ನಿಂತು ನೋಡಬೇಕು. ಗೋಡೆಯ ಪರದೆ ತೋರಿಸುವ ಅಂಕಿ ಇದಕ್ಕಿಂತ ಎರಡು ಡಿಗ್ರಿ ಕೆಳಗಿದ್ದರೆ ಸೆನ್ಸರ್ ಬದಲಿಸುವ ಹೊತ್ತು ಬಂದಿದೆ.

ಸ್ಲ್ಯಾಬ್ ನಿಧಾನಿ. ನೀರು ನಿಲ್ಲಿಸಿದರೂ ಗಂಟೆಗಟ್ಟಲೆ ತಂಪಾಗಿಯೇ ಇರುತ್ತದೆ. ಗಾಳಿಯ ತೇವ ಮಾತ್ರ ನಿಮಿಷಗಳಲ್ಲಿ ಏರುತ್ತದೆ. ಈ ವೇಗದ ವ್ಯತ್ಯಾಸದಿಂದಲೇ ಹೆಚ್ಚಿನ ಅನಾಹುತಗಳು ಆಗುತ್ತವೆ. ನಮ್ಮ ಓದುವ ಕೋಣೆಯಲ್ಲಿ ಕರೆಂಟು ಹೋಗಿ ತಾಜಾ ಗಾಳಿಯ ಯಂತ್ರ ನಿಂತಿತು, ಬಾಗಿಲು ಮುಚ್ಚಿದೆ, ಮೂವತ್ತು ಜನ ಒಳಗೇ ಇದ್ದಾರೆ ಎನ್ನಿ. 16.5 ಡಿಗ್ರಿಯ ನೀರು ಹೊತ್ತ ಹಿತ್ತಾಳೆಯ ಮ್ಯಾನಿಫೋಲ್ಡ್ ಮೇಲೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಹನಿ ಕಾಣುತ್ತದೆ. 21 ಡಿಗ್ರಿಯ ಚಾವಣಿ ಮಬ್ಬಾಗಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಪುಸ್ತಕ, ಬಟ್ಟೆಗಳು ತುಸು ತೇವ ಹೀರಿ ಇನ್ನಷ್ಟು ಸಮಯ ಕೊಡಬಹುದು. ಮೊದಲ ಎಚ್ಚರಿಕೆ ಸಿಗುವುದು ತಲೆಯ ಮೇಲಲ್ಲ, ಗೋಡೆಯ ಪೆಟ್ಟಿಗೆಯೊಳಗಿನ ಮ್ಯಾನಿಫೋಲ್ಡಿನಲ್ಲಿ. ಹನಿ ಪತ್ತೆಹಚ್ಚುವ ಪಟ್ಟಿಯನ್ನು ಅಲ್ಲೇ ಅಂಟಿಸಬೇಕು. ಡೀಸೆಲ್ ಜನರೇಟರಿಗೆ ಪಂಪನ್ನು ಜೋಡಿಸಿ ಗಾಳಿಯ ಯಂತ್ರವನ್ನು ಬಿಟ್ಟುಬಿಡುವುದಂತೂ ದೊಡ್ಡ ತಪ್ಪು. ಎರಡೂ ಒಂದೇ ಸಾಲಿನಲ್ಲಿರಬೇಕು, ಇಲ್ಲವೇ ಎರಡೂ ನಿಲ್ಲಬೇಕು.

ಬೆಳಿಗ್ಗೆ ಶುರುಮಾಡುವಾಗ ಮೊದಲು ಗಾಳಿ, ಆಮೇಲೆ ನೀರು. ರಾತ್ರಿಯಿಡೀ ಸಂದಿಗಳಿಂದ ನುಸುಳಿದ ತೇವವನ್ನು ಗಾಳಿಯ ಯಂತ್ರ ಸುಮಾರು ಒಂದು ಗಂಟೆ ಓಡಿ ಹೊರಹಾಕಿ, ಇಬ್ಬನಿ ಬಿಂದು ಇಳಿದದ್ದು ಖಾತ್ರಿಯಾದ ಮೇಲೆ ಪಂಪು ಚಾಲೂ ಆಗಬೇಕು. ಸಂಜೆ ಮೊದಲು ನೀರು ನಿಲ್ಲಿಸಿ, ಜನ ಹೋದ ಮೇಲೂ ಗಾಳಿಯನ್ನು ಸ್ವಲ್ಪ ಹೊತ್ತು ಓಡಿಸಬೇಕು. ಮಳೆಗಾಲದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೇ ನೀರು ಕಡಿಮೆ ಮಾಡಿ, ಸ್ಲ್ಯಾಬ್ ತುಸು ಬೆಚ್ಚಗಾಗಿ ರಾತ್ರಿಗೆ ಹೋಗುವಂತೆ ಮಾಡುವುದು ಇನ್ನೂ ಕ್ಷೇಮ.

ಈ ಸೀಮೆಯಲ್ಲಿ ಬೇಸಿಗೆಗೆ ಮನೆಮನೆಯಲ್ಲೂ ಕಾಣುವ ನೀರಿನ ಕೂಲರನ್ನು ತಂಪು ಸ್ಲ್ಯಾಬಿನ ಕೋಣೆಗೆ ತರಲೇಬಾರದು. 40 ಡಿಗ್ರಿಯ ಒಣ ಗಾಳಿ ಕೂಲರಿನ ಒದ್ದೆ ಹುಲ್ಲಿನ ಮೂಲಕ ಹಾದು ಸುಮಾರು 25 ಡಿಗ್ರಿಗೆ ಇಳಿಯುತ್ತದೆ ನಿಜ, ಆದರೆ ಅದರ ಇಬ್ಬನಿ ಬಿಂದು 13ರಿಂದ 20ರ ಮೇಲಕ್ಕೆ ಜಿಗಿಯುತ್ತದೆ. ಬರಿಯ ಕೋಣೆಗೆ ಅದು ವರ, ತಂಪು ಸ್ಲ್ಯಾಬಿಗೆ ಕಂಟಕ. ಇದೇ ಕಾರಣಕ್ಕೆ, ನೂಲು ಹರಿಯದಿರಲೆಂದು ತೇವವನ್ನು ಬೇಕೆಂದೇ ಕಾಪಾಡುವ ನೇಯ್ಗೆಯ ಶೆಡ್ಡಿಗೆ ಈ ವ್ಯವಸ್ಥೆ ಒಗ್ಗುವುದಿಲ್ಲ.

ಕೂಲರಿನ ಬದಲು ಚಾವಣಿ ಫ್ಯಾನು ಒಳ್ಳೆಯ ಜೊತೆಗಾರ. ಫ್ಯಾನು ತಿರುಗುತ್ತಿದ್ದರೆ 28 ಡಿಗ್ರಿಯಲ್ಲೂ ಜನ ಆರಾಮವಾಗಿರುತ್ತಾರೆ. ಆಗ ಶೇ 55ರಷ್ಟು ತೇವಕ್ಕೆ ಅವಕಾಶ ಕೊಟ್ಟರೂ ಇಬ್ಬನಿ ಬಿಂದು ಸುಮಾರು 18, ನೀರು 20 ಡಿಗ್ರಿಯಲ್ಲಿದ್ದರೆ ಸಾಕು, ಗಾಳಿ ಒಣಗಿಸುವ ಭಾರವೂ ಇಳಿಯುತ್ತದೆ. ಆದರೆ ಫ್ಯಾನಿನ ಕೊಕ್ಕೆಗಳನ್ನು ಕಾಂಕ್ರೀಟ್ ಹಾಕುವ ಮೊದಲೇ ಕೂರಿಸಿರಬೇಕು. ಆಮೇಲೆ ಡ್ರಿಲ್ ಹಿಡಿದು ಬಂದವನು ಕೊಳವೆಗೆ ತೂತು ಹಾಕಿದರೆ ರಿಪೇರಿಗೆ ಸ್ಲ್ಯಾಬನ್ನೇ ಒಡೆಯಬೇಕಾಗುತ್ತದೆ. ಕಾಂಕ್ರೀಟ್ ಹಾಕುವಾಗ ಕೊಳವೆಗಳಲ್ಲಿ ಒತ್ತಡ ತುಂಬಿಟ್ಟು, ಗೇಜಿನ ಮುಂದೆ ಒಬ್ಬನನ್ನು ನಿಲ್ಲಿಸುವುದು ರೂಢಿ. ಮುಳ್ಳು ಇಳಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ ತೂತು ಹುಡುಕಬೇಕು.

ಸ್ಲ್ಯಾಬೇ ಮೇಲ್ಛಾವಣಿಯೂ ಆಗಿದ್ದರೆ ಅದರ ಮೇಲೆ ಶಾಖನಿರೋಧಕ ಹಾಸಲೇಬೇಕು. ಬರಿಯ ಕಾಂಕ್ರೀಟಾದರೆ ಬಾಗಲಕೋಟೆಯ ಬಿಸಿಲು ಚದರ ಮೀಟರಿಗೆ ನೂರು ವ್ಯಾಟಿಗೂ ಹೆಚ್ಚು ಬಿಸಿಯನ್ನು ಒಳಕ್ಕೆ ನೂಕಬಲ್ಲದು, ಅಂದರೆ ಕೊಳವೆಗಳ ತಂಪೆಲ್ಲ ಸೂರ್ಯನ ಪಾಲು. 75 ಮಿಲಿಮೀಟರ್ ದಪ್ಪದ ಒಳ್ಳೆಯ ಫೋಮ್ ಹಲಗೆ ಹಾಕಿದರೆ ಅದು 15 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಕೆಳಮೈಗೆ ಮಾತ್ರ ಏನನ್ನೂ ಕಟ್ಟಬಾರದು. ಅಂದಕ್ಕೆಂದು ಜಿಪ್ಸಂ ಫಾಲ್ಸ್ ಸೀಲಿಂಗ್ ಹಾಕಿದರೆ ತಂಪು ಅದರ ಮೇಲೆಯೇ ಉಳಿದು, ಕೆಳಗೆ ಕೂತವರಿಗೆ ತಾಜಾ ಗಾಳಿಯಿಂದ ಬರುವಷ್ಟು ತಂಪೇ ಗತಿಯಾಗುತ್ತದೆ.