ವಿಡಿಯೋ ಆಟದ ಅಂಗಡಿಗಳೂ ಅವುಗಳ ಶೇಷವೂ

ಯಂತ್ರದೊಡನೆ ಆಡುವ ಆಟಕ್ಕೆ ಎರಡು ನೆಲೆಗಳುಂಟು. ಒಂದು ಹಣ ತೆತ್ತು ಆಡುವ ಅಂಗಡಿ, ಮತ್ತೊಂದು ಮನೆ. ಮೊದಲನೆಯದು ಎರಡನೆಯದಕ್ಕೆ ಎಡೆಗೊಟ್ಟ ಬಗೆಯನ್ನು ತಿಳಿಯಲು ಅವುಗಳ ಆದಾಯದ ಲೆಕ್ಕವನ್ನು ನೋಡಬೇಕು. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಯು ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಮೊದಲಾದ ಆಟಗಳಲ್ಲಿ, ಆಡುವವನು ಬೇಗ ಸೋತಷ್ಟೂ ಅಂಗಡಿಗೆ ನಾಣ್ಯ ಹೆಚ್ಚು. ಆದುದರಿಂದಲೇ ಅಲ್ಲಿ ಕೆಲವೇ ‘ಜೀವ’ಗಳನ್ನಿತ್ತು ವೇಗವನ್ನು ಏರಿಸುತ್ತ ಹೋಗುವ ಪದ್ಧತಿ. 1983ರಲ್ಲಿ ನಿಂಟೆಂಡೋ ಸಂಸ್ಥೆಯು ಮಾರಿದ ‘ಫ್ಯಾಮಿಕಾಂ’ ಎಂಬ, ಟಿ.ವಿ.ಗೆ ಜೋಡಿಸುವ ಪೆಟ್ಟಿಗೆಯಲ್ಲಿ ಈ ಲೆಕ್ಕವು ತಿರುಗಿತು. ಒಮ್ಮೆಗೇ ಬೆಲೆ ಕೊಟ್ಟವನಿಗೆ ಆಟವು ದೀರ್ಘವಾಗಿರಬೇಕಷ್ಟೆ. 1986ರ ‘ಜೆಲ್ಡಾ’ದಲ್ಲಿ ಇಂದು ನಿಲ್ಲಿಸಿದುದನ್ನು ನಾಳೆ ಮುಂದುವರಿಸಬಹುದಾಯಿತು. ಈ ಪೆಟ್ಟಿಗೆಯ ಅಗ್ಗದ ಅನುಕೃತಿಗಳು 1990ರ ದಶಕದಲ್ಲಿ ನಮ್ಮ ದೇಶದಲ್ಲಿಯೂ ಹರಡಿದುವು. ಅದರಲ್ಲಿ ತೂರಿಸುವ ಆಟದ ತುಂಡನ್ನು ಜನರು ‘ಕ್ಯಾಸೆಟ್’ ಎಂದೇ ಕರೆದರು.

ಕುಶಲತೆಯ ಆಟವು ಹೀಗೆ ಮನೆಯನ್ನು ಸೇರುತ್ತಿದ್ದ ಕಾಲದಲ್ಲಿಯೇ ಕರ್ನಾಟಕದ ಅಂಗಡಿಗಳಿಗೆ ಬೇರೊಂದು ಪ್ರಶ್ನೆ ಎದುರಾಯಿತು. ಬೆಂಗಳೂರು ನಗರದ ಸಾರ್ವಜನಿಕ ವಿನೋದಸ್ಥಳಗಳಿಗೆ ಲೈಸೆನ್ಸನ್ನು ವಿಧಿಸುವ 1989ರ ಆಜ್ಞೆಯು ವಿಡಿಯೋ ಆಟಗಳಿಗೂ ಅನ್ವಯಿಸುವುದೆ? ಅಂಗಡಿಯವರು ಒಪ್ಪಲಿಲ್ಲ. ಎಂ. ಜೆ. ಶಿವಾನಿ ವಿರುದ್ಧ ಕರ್ನಾಟಕ ಸರ್ಕಾರ ಎಂಬ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಲೈಸೆನ್ಸು ಬೇಕೆಂದೇ ತೀರ್ಮಾನಿಸಿತು. ಯಂತ್ರವನ್ನು ಒಳಗಿನಿಂದ ತಿದ್ದಿ ಆಡುವವನ ಗೆಲುವಿನ ಸಂಭವವನ್ನು ಕುಗ್ಗಿಸಬಹುದೆಂಬುದು ಅದರ ಮುಖ್ಯವಾದ ಆಶಂಕೆ. ಹೊರಗೆ ಕೈಚಳಕವಾಗಿ ತೋರುವುದು ಒಳಗೆ ಅದೃಷ್ಟವಾಗಿರಬಹುದು. ನೋಡುವವನಿಗೆ ಭೇದವು ತಿಳಿಯದು.

ಈ ಆಶಂಕೆಯು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಜೂಜನ್ನು ಒಂದೇ ಸ್ಥಳದಲ್ಲಿ ನಡೆಯಿಸಬೇಕು. ಬೇರೆಡೆ ಆಡಿದವನಿಗೆ 12 ಪಣ ದಂಡ. ದಾಳಗಳನ್ನು ಅಧ್ಯಕ್ಷನೇ ಒದಗಿಸತಕ್ಕದ್ದು. ಅವುಗಳನ್ನು ಬದಲಿಸಿದವನಿಗೂ ದಂಡವುಂಟು. ಕೂಟಾಕ್ಷದ ಭಯವು ಇಲ್ಲಿ ಕೂಟಯಂತ್ರದ ಭಯವಾಗಿದೆ. ಒಂದು ಭೇದವು ಮಾತ್ರ ಗಮನಾರ್ಹ: ದಾಳವನ್ನು ಕೈಯಲ್ಲಿ ತೂಗಿ ನೋಡಬಹುದಿತ್ತು, ಯಂತ್ರದ ಒಳಗನ್ನು ಹಾಗೆ ನೋಡಲಾಗದು.

ಮನೆಯ ಪೆಟ್ಟಿಗೆಗೆ ಈ ತೊಡಕಿಲ್ಲ. ಅಲ್ಲಿ ಒಡೆಯನೂ ಆಟಗಾರನೂ ಒಬ್ಬನೇ, ಪಣವೂ ಇಲ್ಲ. ಅಂಗಡಿಯ ಪತನಕ್ಕೆ ಪೆಟ್ಟಿಗೆಯೊಂದೇ ಕಾರಣವೆಂಬ ಮಾತು ಕರ್ನಾಟಕದ ಮಟ್ಟಿಗೆ ಅರ್ಧಸತ್ಯವೆಂದು ತೋರುತ್ತದೆ. ಇಂದು ಬೆಂಗಳೂರಿನ ಮಾಲುಗಳಲ್ಲಿ ಉಳಿದಿರುವ ಆಟದ ಶಾಲೆಗಳಲ್ಲಿ ನಾಣ್ಯದ ಬದಲು ಕಾರ್ಡು ಬಂದಿದೆ. ಗೆದ್ದವನಿಗೆ ಟಿಕೆಟುಗಳು ದೊರೆತು, ಅವುಗಳಿಗೆ ಪ್ರತಿಯಾಗಿ ಗೊಂಬೆಯೋ ಚೆಂಡೋ ಸಿಕ್ಕುವುದು. ಮನೆಯಲ್ಲಿ ಸುಲಭವಾಗಿ ಇರಿಸಲಾಗದ ಕಾರಿನ ಆಸನ, ಬಾಸ್ಕೆಟ್‌ಬಾಲಿನ ಬಲೆ ಮುಂತಾದುವೇ ಅಲ್ಲಿ ಹೆಚ್ಚು.

ಕುಶಲತೆ, ಅದೃಷ್ಟಗಳ ವಿವಾದವಾದರೋ ಅಂಗಡಿಯನ್ನು ಬಿಟ್ಟು ಮೊಬೈಲನ್ನು ಸೇರಿತು. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿದ 2021ರ ಕರ್ನಾಟಕ ತಿದ್ದುಪಡಿಯ ಮುಖ್ಯ ವಿಧಿಗಳನ್ನು 2022ರ ಫೆಬ್ರವರಿಯಲ್ಲಿ ರಾಜ್ಯದ ಹೈಕೋರ್ಟು ರದ್ದುಪಡಿಸಿತು. 2025ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟವು ಕುಶಲತೆಯದೋ ಅದೃಷ್ಟದ್ದೋ ಎಂದು ಕೇಳುವುದಿಲ್ಲ, ಎರಡನ್ನೂ ನಿಷೇಧಿಸುತ್ತದೆ.