ಸೊನ್ನೆ ಕೆಲ್ವಿನ್ ಯಾಕೆ ಕೈಗೆ ಸಿಗಲ್ಲ?

ಇಂಜಿನಿಯರಿಂಗ್ ಓದುವಾಗ ನಾನು ಎಂಟ್ರೊಪಿಯ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕುತ್ತಿದ್ದೆ. ಅದರ ಸೊನ್ನೆ ಎಲ್ಲಿದೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ಉತ್ತರ ಹೊಳೆದದ್ದು ಒಂದು ಹಳೇ ಪ್ರಯೋಗದ ಬಗ್ಗೆ ಓದಿದಾಗ.

1933ರಲ್ಲಿ ಬರ್ಕ್ಲಿಯಲ್ಲಿ ಜಿಯೋಕ್ ಮತ್ತು ಮ್ಯಾಕ್‌ಡೂಗಲ್, ಗ್ಯಾಡೊಲಿನಿಯಂ ಸಲ್ಫೇಟ್ ಲವಣವನ್ನು ದ್ರವ ಹೀಲಿಯಂನಿಂದ 1.5 ಕೆಲ್ವಿನ್‌ಗೆ ತಣಿಸಿ ಕಾಂತಕ್ಷೇತ್ರದಲ್ಲಿಟ್ಟರು. ಒಳಗಿನ ಪುಟ್ಟ ಅಯಸ್ಕಾಂತಗಳು ಸಾಲಾಗಿ ನಿಂತವು, ಎಂಟ್ರೊಪಿ ಇಳಿಯಿತು, ಹೊರಬಂದ ಶಾಖವನ್ನು ಹೀಲಿಯಂ ಹೀರಿಕೊಂಡಿತು. ಆಮೇಲೆ ಶಾಖ ಒಳಬರದಂತೆ ಮಾಡಿ ಕ್ಷೇತ್ರ ತೆಗೆದರು. ಒಟ್ಟು ಎಂಟ್ರೊಪಿ ಹೆಚ್ಚದೆ ಅಯಸ್ಕಾಂತಗಳು ಮತ್ತೆ ಚದುರಬೇಕಾದರೆ ಲವಣ ತಣ್ಣಗಾಗಲೇಬೇಕು. ಅದು 0.25 ಕೆಲ್ವಿನ್‌ಗೆ ಇಳಿಯಿತು.

ಇದನ್ನೇ ಲೂಪ್‌ನಲ್ಲಿ ಹಾಕಿದರೆ ಸೊನ್ನೆ ಮುಟ್ಟಬಹುದಲ್ಲ? ಆಗಲ್ಲ. ಗ್ರಾಫ್‌ನಲ್ಲಿ ಕ್ಷೇತ್ರವಿದ್ದಾಗಿನ ಎಂಟ್ರೊಪಿ ಒಂದು ಗೆರೆ, ಇಲ್ಲದಾಗಿನದು ಇನ್ನೊಂದು. ಅವುಗಳ ನಡುವಿನ ಅಂತರವೇ ನಾವಿಳಿಯುವ ಮೆಟ್ಟಿಲು. ನರ್ನ್ಸ್ಟ್ 1906ರಲ್ಲಿ ಮಂಡಿಸಿದ ನಿಯಮದಂತೆ ಸೊನ್ನೆ ಕೆಲ್ವಿನ್‌ನಲ್ಲಿ ಎರಡೂ ಗೆರೆ ಕೂಡುತ್ತವೆ. ಹತ್ತಿರ ಹೋದಷ್ಟೂ ಮೆಟ್ಟಿಲು ಕುಗ್ಗುತ್ತದೆ. ಎಷ್ಟೇ ಮೆಟ್ಟಿಲು ಇಳಿದರೂ ಇನ್ನೊಂದಿಷ್ಟು ಉಳಿದೇ ಇರುತ್ತದೆ.

ನನ್ನ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು. ಗೆರೆಗಳೆಲ್ಲ ಒಂದೇ ಬಿಂದುವಿಗೆ ಬರುವುದರಿಂದ ಆ ಬಿಂದುವನ್ನೇ ಸೊನ್ನೆ ಅಂತ ಹಿಡಿಯಬಹುದು. 1911ರಲ್ಲಿ ಪ್ಲಾಂಕ್ ಮಾಡಿದ್ದು ಅದನ್ನೇ. ಆದರೆ ಇದು ಅಚ್ಚುಕಟ್ಟಾದ ಹರಳಿಗೆ ಮಾತ್ರ. ಗಾಜಿನಲ್ಲಿ ಅಣುಗಳು ಅಡ್ಡಾದಿಡ್ಡಿಯಾಗಿಯೇ ಸಿಕ್ಕಿಕೊಂಡಿರುವುದರಿಂದ ಸ್ವಲ್ಪ ಎಂಟ್ರೊಪಿ ಅಲ್ಲೇ ಉಳಿದುಬಿಡುತ್ತದೆ.