ಸೆಕ್ಯೂರಿಟಿ ಏಜೆನ್ಸಿ ಆರಿಸೋದು ಹೇಗೆ? ಅಂಕ ಹಾಕೋಕೆ ಮುಂಚೆ ಗಂಟೆ ಲೆಕ್ಕ ಹಾಕಿ

ಹುಲಿಯೂರುದುರ್ಗ: ತುಮಕೂರು ನಗರದ ಅಪಾರ್ಟ್‌ಮೆಂಟ್ ಇರಲಿ, ಕುಣಿಗಲ್ ಕಡೆಯ ಗೇಟ್ ಹಾಕಿದ ಲೇಔಟ್ ಇರಲಿ, ಕಾವಲಿಗೆ ಏಜೆನ್ಸಿ ಹುಡುಕುವಾಗ ಕಮಿಟಿ ಮೀಟಿಂಗ್‌ನಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: 'ಒಬ್ಬ ಗಾರ್ಡ್‌ಗೆ ತಿಂಗಳಿಗೆ ಎಷ್ಟು?' ಮೂರು ಕೊಟೇಶನ್ ತರಿಸಿ, ಕಡಿಮೆ ಇರೋದಕ್ಕೆ ಟಿಕ್ ಹಾಕಿ ಮೀಟಿಂಗ್ ಮುಗಿಸುತ್ತಾರೆ. ಆರು ತಿಂಗಳಾದ ಮೇಲೆ ರಾತ್ರಿ ಗೇಟ್‌ನಲ್ಲಿ ಯಾರೂ ಇಲ್ಲ ಅಂತ ಜಗಳ ಶುರುವಾಗುತ್ತದೆ.

ತರಬೇತಿ, ಮೇಲ್ವಿಚಾರಣೆ, ಬದಲಿ ಗಾರ್ಡ್, ದರ ಈ ನಾಲ್ಕಕ್ಕೂ ಅಂಕ ಕೊಟ್ಟು ಏಜೆನ್ಸಿ ಆರಿಸುವುದು ಒಳ್ಳೆಯ ಕ್ರಮ. ಆದರೆ ಅಂಕ ಕೊಡುವ ಮೊದಲು ಎರಡು ಬಾಗಿಲು ದಾಟಿಸಬೇಕು. ಅದನ್ನು ದಾಟದ ಏಜೆನ್ಸಿಗೆ ಅಂಕವೇ ಬೇಡ.

ಮೊದಲ ಬಾಗಿಲು: ಲೈಸೆನ್ಸ್ ಯಾವ ಜಿಲ್ಲೆಗೆ?

ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಏಜೆನ್ಸಿ ನಡೆಸುವಂತಿಲ್ಲ. ನಡೆಸಿದರೆ ಒಂದು ವರ್ಷದವರೆಗೆ ಜೈಲು, 25,000 ರೂ.ವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಅವಧಿ 5 ವರ್ಷ.

ಬಹಳ ಜನ ನೋಡದೆ ಬಿಡುವ ಒಂದು ಸಾಲು ಆ ಲೈಸೆನ್ಸ್‌ನಲ್ಲಿ ಇರುತ್ತದೆ. ಕಾಯ್ದೆಯಲ್ಲಿ ಒಂದು ಜಿಲ್ಲೆಗೆ 5,000, ಎರಡರಿಂದ ಐದು ಜಿಲ್ಲೆಗೆ 10,000, ಇಡೀ ರಾಜ್ಯಕ್ಕೆ 25,000 ರೂ. ಎಂದು ಬೇರೆ ಬೇರೆ ಶುಲ್ಕ ಇದೆ. ಅಂದರೆ ಲೈಸೆನ್ಸ್ ಯಾವ ಜಿಲ್ಲೆಗೆ ಅನ್ನೋದು ಮುಖ್ಯ. ಹುಲಿಯೂರುದುರ್ಗ ಇರುವುದು ಜಿಲ್ಲೆಯ ಅಂಚಿನಲ್ಲಿ. ಒಂದು ಕಡೆ ಮದ್ದೂರು, ಇನ್ನೊಂದು ಕಡೆ ಮಾಗಡಿ, ಎರಡೂ ಬೇರೆ ಜಿಲ್ಲೆ. ಅಲ್ಲಿಯ ಏಜೆನ್ಸಿಯವರು ಹತ್ತಿರ ಅಂತ ಇಲ್ಲಿಗೂ ಕೊಟೇಶನ್ ಕೊಡಬಹುದು. ಅವರ ಲೈಸೆನ್ಸ್‌ನಲ್ಲಿ ತುಮಕೂರು ಜಿಲ್ಲೆ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ನೋಡಬೇಕು. ಲೈಸೆನ್ಸನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ಕಾಯ್ದೆಯೇ ಹೇಳುತ್ತದೆ. 'ಅರ್ಜಿ ಹಾಕಿದೀವಿ, ಬರುತ್ತೆ' ಅನ್ನುವ ಮಾತು ಲೈಸೆನ್ಸ್ ಆಗುವುದಿಲ್ಲ.

ಎರಡನೇ ಬಾಗಿಲು: ಆ ದರದಲ್ಲಿ ಸಂಬಳ ಕೊಡೋಕೆ ಆಗುತ್ತಾ?

ಇಲ್ಲೇ ಹೆಚ್ಚಿನ ಕಮಿಟಿಗಳು ಮೋಸ ಹೋಗುವುದು. ಒಂದು ಉದಾಹರಣೆ ಲೆಕ್ಕ ನೋಡೋಣ. 60 ಮನೆಗಳ ಒಂದು ಅಪಾರ್ಟ್‌ಮೆಂಟ್, ಒಂದೇ ಗೇಟ್, 24 ಗಂಟೆ ಕಾವಲು ಬೇಕು. ಮೂರು ಏಜೆನ್ಸಿಗಳು ಜಿಎಸ್‌ಟಿ ಬಿಟ್ಟು ತಿಂಗಳಿಗೆ ಕೊಟ್ಟ ದರ ಹೀಗಿದೆ ಅಂದುಕೊಳ್ಳಿ: ಮೊದಲ ಏಜೆನ್ಸಿ 44,000, ಎರಡನೆಯದು 73,000, ಮೂರನೆಯದು 79,000 ರೂ.

ಒಂದು ಗೇಟ್‌ಗೆ ವಾರಕ್ಕೆ 24 ಗಂಟೆಯಂತೆ ಏಳು ದಿನ, ಅಂದರೆ 168 ಗಂಟೆ ಕಾವಲು ಬೇಕು. ಒಬ್ಬ ಗಾರ್ಡ್ ದಿನಕ್ಕೆ 8 ಗಂಟೆಯಂತೆ ಆರು ದಿನ ಮಾಡಿದರೆ 48 ಗಂಟೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಮೂರು ಪಾಳಿಗೆ ಮೂವರು, ಜೊತೆಗೆ ಅವರ ವಾರದ ರಜೆಗೆ ಬರುವ ಅರ್ಧ ರಿಲೀವರ್. ಆ ರಿಲೀವರ್ ಉಳಿದ ದಿನ ಇನ್ನೊಂದು ಕಡೆ ಡ್ಯೂಟಿ ಮಾಡುತ್ತಾನೆ.

ಈಗ ಖರ್ಚು. ಸೆಕ್ಯೂರಿಟಿ ಕೆಲಸದ ಕನಿಷ್ಠ ವೇತನವನ್ನು ರಾಜ್ಯದ ಕಾರ್ಮಿಕ ಇಲಾಖೆ ನಿಗದಿ ಮಾಡುತ್ತದೆ. ಅದು ಊರಿನ ವಲಯದ ಮೇಲೆ ಬದಲಾಗುತ್ತದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಣೆ ಆಗುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ತಿಂಗಳಿಗೆ 15,000 ಅಂತ ಇಟ್ಟುಕೊಳ್ಳೋಣ. ನಿಮ್ಮ ಊರಿಗೆ ಈ ವರ್ಷದ ನಿಜವಾದ ಅಂಕಿ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ ಇದೇ ಜಾಗಕ್ಕೆ ಹಾಕಿ.

15,000ಕ್ಕೆ ಪಿಎಫ್‌ನಲ್ಲಿ ಮಾಲೀಕರ ಪಾಲು, ವಿಮೆ, ಆಡಳಿತ ಶುಲ್ಕ ಸೇರಿ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 488. ಬೋನಸ್ ಶೇ 8.33, ಅಂದರೆ 1,250. ಒಟ್ಟು 18,688 ರೂ. ಇದು ಒಬ್ಬರಿಗೆ. ಮೂರೂವರೆ ಜನಕ್ಕೆ 65,408. ಇದರ ಮೇಲೆ ಸಮವಸ್ತ್ರ, ಸೂಪರ್‌ವೈಸರ್, ಲಾಭ ಎಲ್ಲಾ ಸೇರಿ ಶೇ 10 ಇಟ್ಟರೆ ಸುಮಾರು 72,000. ತಿಂಗಳಿಗೆ 720 ಗಂಟೆ, ಹಾಗಾಗಿ ಗಂಟೆಗೆ 100 ರೂ. ಇದು ನೆಲಗಟ್ಟು.

ಮೂರೂ ಕೊಟೇಶನ್‌ಗಳನ್ನು ಗಂಟೆಗೆ ಇಳಿಸಿ ನೋಡಿ. ಮೊದಲನೆಯದು ಗಂಟೆಗೆ 61 ರೂ., ಎರಡನೆಯದು 101, ಮೂರನೆಯದು ಸುಮಾರು 110.

ಆದರೆ ಇದೇ ದರಗಳನ್ನು 'ಒಬ್ಬ ಗಾರ್ಡ್‌ಗೆ ಎಷ್ಟು' ಅಂತ ನೋಡಿದರೆ ಚಿತ್ರ ಉಲ್ಟಾ. ಮೊದಲ ಏಜೆನ್ಸಿ 12 ಗಂಟೆಯ ಇಬ್ಬರನ್ನು ಹಾಕುತ್ತದೆ, ತಲಾ 22,000. ಎರಡನೆಯದು ಮೂರೂವರೆ ಜನಕ್ಕೆ 73,000, ತಲಾ 20,857. ತಲೆ ಲೆಕ್ಕದಲ್ಲಿ ಮೊದಲನೆಯದೇ ದುಬಾರಿ! ಆದರೂ ಬಿಲ್ ಕಡಿಮೆ ಬರುತ್ತದೆ, ಯಾಕೆಂದರೆ ಆ ಇಬ್ಬರೂ ವಾರಕ್ಕೆ 84 ಗಂಟೆ ನಿಲ್ಲುತ್ತಾರೆ, ಒಂದು ದಿನವೂ ರಜೆ ಇಲ್ಲ. 48 ದಾಟಿದ ಗಂಟೆಗಳಿಗೆ ಕೊಡಬೇಕಾದ ದುಪ್ಪಟ್ಟು ಓಟಿ 22,000ದಲ್ಲಿ ಹಿಡಿಯುವುದಿಲ್ಲ. ಅಂದಮೇಲೆ ಓಟಿಯನ್ನೋ, ಪಿಎಫ್ ಇಎಸ್‌ಐಯನ್ನೋ, ಎಲ್ಲವನ್ನೂ ಗಾರ್ಡ್‌ನ ಜೇಬಿನಿಂದಲೇ ಉಳಿಸಬೇಕು. ಅಂಥವನು ರಾತ್ರಿ ಮೂರು ಗಂಟೆಗೆ ಮಲಗಿದರೆ ಅದು ಅವನ ಸೋಮಾರಿತನ ಅಲ್ಲ, ಕೊಟೇಶನ್‌ನಲ್ಲೇ ಬರೆದಿದ್ದ ವಿಷಯ.

ಹಾಗಾಗಿ ನೆಲಗಟ್ಟಿಗಿಂತ ಕೆಳಗಿರುವ ಏಜೆನ್ಸಿಯಿಂದ ಖರ್ಚಿನ ವಿವರ ಬರೆಸಿಕೊಳ್ಳಬೇಕು. ವಿವರ ಕೂಡದಿದ್ದರೆ ಅದನ್ನು ಪಕ್ಕಕ್ಕಿಡಿ. ಅದನ್ನು ಒಳಗೆ ಬಿಟ್ಟುಕೊಂಡು ದರಕ್ಕೆ ಅಂಕ ಕೊಟ್ಟರೆ ಅದಕ್ಕೇ ಪೂರ್ತಿ ಅಂಕ ಬಂದು, ಸರಿಯಾಗಿ ಸಂಬಳ ಕೊಡುವವರ ಅಂಕ ಬೀಳುತ್ತದೆ.

ತರಬೇತಿ: 25 ಅಂಕ

ಕೇಂದ್ರ ಸರ್ಕಾರದ ಮಾದರಿ ನಿಯಮದಲ್ಲಿ ಹೊಸ ಗಾರ್ಡ್‌ಗೆ ತರಗತಿಯಲ್ಲಿ 100 ಗಂಟೆ, ಹೊರಗೆ 60 ಗಂಟೆ, ಒಟ್ಟು ಕನಿಷ್ಠ 20 ಕೆಲಸದ ದಿನಗಳ ತರಬೇತಿ ಇದೆ. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಗುರುತಿನ ಚೀಟಿ ಪರಿಶೀಲನೆ ಇವೆಲ್ಲ ಅದರಲ್ಲಿ ಬರುತ್ತವೆ. ನಿವೃತ್ತ ಸೈನಿಕರಿಗೆ, ಪೊಲೀಸರಿಗೆ ಕಡಿಮೆ ಅವಧಿ.

ಸರ್ಟಿಫಿಕೇಟ್ ಯಾರು ಬೇಕಾದರೂ ತೋರಿಸುತ್ತಾರೆ. ಅದರ ತಾರೀಖನ್ನು ಗಾರ್ಡ್ ಕೆಲಸಕ್ಕೆ ಸೇರಿದ ತಾರೀಖು ಮತ್ತು ಮೊದಲ ಡ್ಯೂಟಿಯ ತಾರೀಖಿನ ಜೊತೆ ಇಟ್ಟು ನೋಡಿ. ಒಂದನೇ ತಾರೀಖು ಸೇರಿ ಮೂರನೇ ತಾರೀಖು ಗೇಟ್‌ನಲ್ಲಿ ನಿಂತಿದ್ದರೆ 20 ದಿನದ ತರಬೇತಿ ಆಗಿರಲು ಸಾಧ್ಯವಿಲ್ಲ. ಇದಕ್ಕೆ 10 ಅಂಕ. ಉಳಿದ 15 ಅಂಕಕ್ಕೆ ಆ ಏಜೆನ್ಸಿ ಈಗ ಕಾಯುತ್ತಿರುವ ಜಾಗಕ್ಕೆ ಹೋಗಿ ಗಾರ್ಡ್‌ಗೇ ಮೂರು ವಿಷಯ ಕೇಳಿ: ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ತೋರಿಸಪ್ಪ, ಕರೆಂಟ್ ಮೇನ್ ಎಲ್ಲಿದೆ, ಲಿಫ್ಟ್‌ನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಯಾರಿಗೆ ಫೋನ್ ಮಾಡ್ತೀಯ. ಒಂದೊಂದಕ್ಕೆ 5 ಅಂಕ.

ಮೇಲ್ವಿಚಾರಣೆ: 30 ಅಂಕ

ಅದೇ ಮಾದರಿ ನಿಯಮದ ಪ್ರಕಾರ 15 ಗಾರ್ಡ್‌ಗಳಿಗೆ ಒಬ್ಬ ಸೂಪರ್‌ವೈಸರ್ ಇರಬೇಕು. ಗಾರ್ಡ್‌ಗಳು ಬೇರೆ ಬೇರೆ ಜಾಗದಲ್ಲಿ ಚದುರಿದ್ದು ಒಂದೇ ಕಡೆಯಿಂದ ನೋಡಿಕೊಳ್ಳಲು ಆಗದಿದ್ದರೆ 6 ಜನಕ್ಕೆ ಒಬ್ಬ. ನಮ್ಮ ಕಡೆ ಅನ್ವಯವಾಗುವುದು ಎರಡನೆಯದೇ. ತುಮಕೂರಿನಲ್ಲಿ ಕೂತ ಸೂಪರ್‌ವೈಸರ್ ಗುಬ್ಬಿ ನೋಡಿ, ಕುಣಿಗಲ್ ದಾಟಿ, ಹುಲಿಯೂರುದುರ್ಗಕ್ಕೆ ಒಂದೇ ರಾತ್ರಿ ಬರುತ್ತಾನೆ ಅಂದರೆ ನಂಬುವುದು ಕಷ್ಟ. ಅವನ ಬೀಟ್‌ನಲ್ಲಿ ಎಷ್ಟು ಜಾಗ ಇದೆ ಅಂತ ಬರೆಸಿಕೊಳ್ಳಿ.

ನಂತರ ಹಳೆಯ ರಾತ್ರಿ ತಪಾಸಣೆ ಪುಸ್ತಕ ಕೇಳಿ. ಒಂದು ತಿಂಗಳ ಸಹಿ ಎಲ್ಲಾ ಒಂದೇ ಪೆನ್ನಿನಲ್ಲಿ, ಸಮಯ ಎಲ್ಲಾ 2.00, 2.30 ಅಂತ ಇದ್ದರೆ ಅದು ಒಂದೇ ಸಲ ಕೂತು ಬರೆದದ್ದು. ನಿಜವಾಗಿ ಬಂದವನ ಪುಸ್ತಕದಲ್ಲಿ 1.47, 3.10 ಅಂತ ಇರುತ್ತದೆ, ನಡುವೆ 'ಸೀಟಿ ಇಲ್ಲ', 'ಟಾರ್ಚ್ ಸೆಲ್ ಹೋಗಿದೆ' ಅಂತ ಷರಾ ಇರುತ್ತದೆ. ದೂರು ಒಂದೂ ಇಲ್ಲದ ಪುಸ್ತಕಕ್ಕೆ ಹೆಚ್ಚು ಅಂಕ ಕೊಡಬೇಡಿ.

ಬದಲಿ: 25 ಅಂಕ

ಬದಲಿಯಲ್ಲಿ ಎರಡು ಬಗೆ. ಗಾರ್ಡ್ ಗೈರಾದರೆ ಎಷ್ಟು ಗಂಟೆಯೊಳಗೆ ಇನ್ನೊಬ್ಬ ಬರುತ್ತಾನೆ ಅನ್ನುವುದು ಒಂದು. ಸರಿಯಿಲ್ಲದ ಗಾರ್ಡ್ ಬೇಡ ಅಂದರೆ ಎಷ್ಟು ದಿನದಲ್ಲಿ ಬದಲಾಯಿಸುತ್ತಾರೆ ಅನ್ನುವುದು ಇನ್ನೊಂದು. ಎರಡನ್ನೂ ಅಗ್ರಿಮೆಂಟ್‌ನಲ್ಲಿ ಬೇರೆ ಬೇರೆ ಬರೆಸಬೇಕು. ರಾತ್ರಿ ಪಾಳಿಯವನನ್ನೇ ಹಗಲಿಗೂ ನಿಲ್ಲಿಸುವುದು ಬದಲಿ ಅಲ್ಲ ಅಂತಲೂ ಬರೆಸಿ. ಬದಲಿಗೆ ಬರುವವನ ಹಿನ್ನೆಲೆ ಪರಿಶೀಲನೆ ಆಗಿರಬೇಕು, ಫೋಟೊ ಇರುವ ಗುರುತಿನ ಚೀಟಿ ಇರಬೇಕು. ಕಾಯ್ದೆ ಇದನ್ನು ಎಲ್ಲ ಗಾರ್ಡ್‌ಗಳಿಗೂ ಕೇಳುತ್ತದೆ, ಒಂದು ರಾತ್ರಿಗೆ ಬಂದವನಿಗೂ ವಿನಾಯಿತಿ ಇಲ್ಲ.

ಏಜೆನ್ಸಿ ಹೇಳುವುದು ನಿಜವೇ ಅಂತ ತಿಳಿಯಲು ಅವರ ಬೇರೊಂದು ಜಾಗದ ಹಾಜರಿ ಪುಸ್ತಕದಲ್ಲಿ ಯುಗಾದಿ, ದೀಪಾವಳಿ ಅಥವಾ ರಾಗಿ ಕೊಯ್ಲಿನ ವಾರ ನೋಡಿ. ಹಳ್ಳಿಯಿಂದ ಬಂದ ಗಾರ್ಡ್‌ಗಳು ಆಗ ಊರಿಗೆ ಹೋಗುತ್ತಾರೆ. ಆ ವಾರ ಹೊಸ ಹೆಸರು ಕಂಡರೆ ರಿಲೀವರ್ ಇದ್ದಾನೆ. ಒಬ್ಬನದೇ ಹೆಸರು ಎರಡು ಪಾಳಿಯಲ್ಲಿದ್ದರೆ ಇಲ್ಲ.

ಗೇಟ್ ಖಾಲಿ ಬಿದ್ದರೆ ಕಡಿತವೂ ಗಂಟೆ ಲೆಕ್ಕದಲ್ಲೇ ಇರಲಿ. 73,000ದ ದರಕ್ಕೆ ಒಂದು ಪಾಳಿ ಅಂದರೆ 811 ರೂ. ಅಷ್ಟೇ ಕಡಿತ ಮಾಡಿದರೆ ಏಜೆನ್ಸಿಗೆ ನಷ್ಟವೇನಿಲ್ಲ, ಸಂಬಳ ಉಳಿಯಿತು ಅಷ್ಟೇ. ಅದರ ಎರಡರಷ್ಟು ಅಂತ ಬರೆಸಿದರೆ ರಿಲೀವರ್ ಬರುತ್ತಾನೆ. ಈ ಕಡಿತ ಏಜೆನ್ಸಿಯ ಬಿಲ್‌ನಿಂದ ಹೋಗಬೇಕು, ಗಾರ್ಡ್‌ನ ಸಂಬಳದಿಂದ ಅಲ್ಲ ಅನ್ನುವುದನ್ನೂ ಸೇರಿಸಿ.

ದರ: 20 ಅಂಕ

ಬಾಗಿಲು ದಾಟಿದವರಲ್ಲಿ ಕಡಿಮೆ ದರಕ್ಕೆ 20. ಉಳಿದವರಿಗೆ ಆ ಕಡಿಮೆ ದರವನ್ನು ಅವರ ದರದಿಂದ ಭಾಗಿಸಿ 20ರಿಂದ ಗುಣಿಸಿ. ಜಿಎಸ್‌ಟಿ ಶೇ 18 ಸೇರಿದೆಯೋ ಇಲ್ಲವೋ ಕೇಳಿ, ಹೋಲಿಕೆಗೆ ಎಲ್ಲರದ್ದೂ ಜಿಎಸ್‌ಟಿ ಇಲ್ಲದ ದರ ಇಟ್ಟುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಎರಡನೇ ಏಜೆನ್ಸಿಗೆ ತರಬೇತಿ 12, ಮೇಲ್ವಿಚಾರಣೆ 12, ಬದಲಿ 10, ದರ 20, ಒಟ್ಟು 54. ಮೂರನೆಯದಕ್ಕೆ 18, 24, 20, ದರ 18.5, ಒಟ್ಟು 80.5. ತಿಂಗಳಿಗೆ 6,000 ರೂ. ಹೆಚ್ಚು, 60 ಮನೆಗೆ ಹಂಚಿದರೆ ಮನೆಗೆ 100 ರೂ. ಕಮಿಟಿ ತೀರ್ಮಾನ ಮಾಡಬೇಕಾದದ್ದು ಈ 100 ರೂ. ಬಗ್ಗೆ.

ಎರಡು ಎಚ್ಚರಿಕೆ. ಯಾವುದಕ್ಕೆ ಎಷ್ಟು ಅಂಕ ಅನ್ನುವುದನ್ನು ಕೊಟೇಶನ್ ಕವರ್ ಒಡೆಯುವ ಮೊದಲೇ ಮೀಟಿಂಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ, ಇಲ್ಲದಿದ್ದರೆ ಪರಿಚಯದವರಿಗೆ ಹೊಂದುವ ಹಾಗೆ ಅಂಕ ಬದಲಾಗುತ್ತದೆ. ಇನ್ನೊಂದು, ಆಯ್ಕೆ ಆದ ಏಜೆನ್ಸಿಯ ಬಿಲ್ ಪಾಸ್ ಮಾಡುವ ಮುಂಚೆ ಪ್ರತಿ ತಿಂಗಳು ಪಿಎಫ್, ಇಎಸ್‌ಐ ಚಲನ್ ಮತ್ತು ಅದರ ಹೆಸರು ಪಟ್ಟಿ ಕೇಳಿ. ನಿಮ್ಮ ಗೇಟ್‌ನಲ್ಲಿ ನಿಂತಿರುವವನ ಹೆಸರು ಆ ಪಟ್ಟಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮೂರನೇ ಏಜೆನ್ಸಿಯೂ ಮೊದಲನೆಯದರ ದಾರಿಯನ್ನೇ ಹಿಡಿದಿದೆ ಅಂತ ಅರ್ಥ.